ಕಂಪನಿಯ ವಾರ್ಷಿಕೋತ್ಸವಕ್ಕೆ ಎಲ್ಲರೂ ದನಿಗೂಡಿಸಬಹುದಾದ ಪ್ರಾರ್ಥನೆ: ಸಿದ್ಧಪಡಿಸುವ ಬಗೆ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ಯಾವುದೇ ಕಾರ್ಖಾನೆಯ ಪಾಳಿ ಬಸ್ಸಿನಿಂದ ಇಳಿಯುವವರನ್ನು ಗಮನಿಸಿದರೆ ಈ ಮಾರ್ಗದರ್ಶಿಯ ಅಗತ್ಯ ಅರ್ಥವಾಗುತ್ತದೆ. ಕೋಲಾರ ಪಟ್ಟಣದ ಉರ್ದು ಮಾತಿನ ಮನೆಗಳವರು, ಕೆಜಿಎಫ್‌ನ ತಮಿಳು ಕ್ರೈಸ್ತ ಕುಟುಂಬಗಳವರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ಕಡೆಯ ತೆಲುಗು ಮನೆಮಾತಿನವರು, ಅಂಬೇಡ್ಕರ್ ಅವರ ಹಾದಿಯಲ್ಲಿ ಬೌದ್ಧರಾದವರು, ದೇವರ ಗೊಡವೆಯೇ ಬೇಡವೆನ್ನುವವರು, ಒಡಿಶಾ ಮತ್ತು ಬಿಹಾರದಿಂದ ಬಂದು ಬಾಡಿಗೆ ಕೋಣೆಗಳಲ್ಲಿರುವ ಹುಡುಗರು ಒಂದೇ ಬಸ್ಸಿನಲ್ಲಿ ಬರುತ್ತಾರೆ. ವಾರ್ಷಿಕೋತ್ಸವದ ದಿನ ಮಾತ್ರ ಆಮಂತ್ರಣ ಪತ್ರಿಕೆಯಲ್ಲಿ ‘ಪ್ರಾರ್ಥನೆ’ ಎಂದು ಒಂದು ಸಾಲು ಇರುತ್ತದೆ, ಲೆಕ್ಕಪತ್ರ ವಿಭಾಗದಲ್ಲಿ ಚೆನ್ನಾಗಿ ಹಾಡುವವರೊಬ್ಬರು ಗಣಪತಿಯ ಮೇಲೋ ಶಾರದೆಯ ಮೇಲೋ ಒಂದು ಹಾಡು ಹಾಡುತ್ತಾರೆ, ಉಳಿದವರು ಎದ್ದು ನಿಂತು ಮುಗಿಯುವುದನ್ನು ಕಾಯುತ್ತಾರೆ. ಆ ಸಾಲಿನ ಜಾಗದಲ್ಲಿ, ಸೇರಿದವರೆಲ್ಲ ತಮ್ಮ ಬಾಯಿಂದಲೇ ಹೇಳಬಹುದಾದ ಮೂರು ನಾಲ್ಕು ನಿಮಿಷಗಳ ಮಾತನ್ನು ಹೇಗೆ ರಚಿಸಬೇಕು, ಹೇಗೆ ನಡೆಸಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಸಭಿಕರು ಕೂತು ನೋಡುವ, ಕೇಳುವ ಸಂಗತಿಗಳು ಒಂದು ಬಗೆ. ಸಭಿಕರಿಂದ ನಾವು ಮಾಡಿಸುವ ಸಂಗತಿಗಳು ಇನ್ನೊಂದು ಬಗೆ. ಗಣೇಶನ ಮೇಲಿನ ಭರತನಾಟ್ಯವನ್ನು ಯಾವ ಧರ್ಮದವರಾದರೂ ಕಲೆಯಾಗಿ ನೋಡಿ ಚಪ್ಪಾಳೆ ತಟ್ಟಬಲ್ಲರು, ಕವ್ವಾಲಿಯನ್ನೂ ಕ್ರಿಸ್‌ಮಸ್ ಗೀತೆಯನ್ನೂ ಹಾಗೆಯೇ ಕೇಳಬಲ್ಲರು. ಆದರೆ ‘ಎಲ್ಲರೂ ಎದ್ದು ನಿಂತು ಕೈಮುಗಿಯಿರಿ’ ಎಂದ ಕ್ಷಣದಿಂದ ಅದು ನೋಟವಾಗಿ ಉಳಿಯುವುದಿಲ್ಲ, ಪ್ರತಿಯೊಬ್ಬರೂ ಮಾಡಬೇಕಾದ ಕ್ರಿಯೆಯಾಗುತ್ತದೆ. ಮೊದಲ ಬಗೆಯದನ್ನೆಲ್ಲ ಸಾಂಸ್ಕೃತಿಕ ಕಾರ್ಯಕ್ರಮದ ಪಟ್ಟಿಗೆ ಸಾಗಿಸಿ ಧಾರಾಳವಾಗಿ ಇಟ್ಟುಕೊಳ್ಳಿ. ಎರಡನೆಯ ಬಗೆಯದಕ್ಕೆ ಮಾತ್ರ ಒಂದು ಕಟ್ಟುನಿಟ್ಟು ಸಾಕು: ಯಾರೊಬ್ಬರೂ ತಾನು ನಂಬದ ಮಾತನ್ನು ಸೌಜನ್ಯಕ್ಕೆಂದು ಹೇಳಬೇಕಾದ ಪರಿಸ್ಥಿತಿ ಬರಬಾರದು. ಮುಂದೆ ಬರುವ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಮೊದಲ ಹೆಜ್ಜೆ: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಕಾರ್ಯಕ್ರಮಕ್ಕೆ ಸುಮಾರು ಐದು ವಾರ ಇರುವಾಗ ಐದಾರು ಜನರ ಒಂದು ಸಣ್ಣ ಗುಂಪು ಮಾಡಿಕೊಳ್ಳಿ. ಸಿಬ್ಬಂದಿ ವಿಭಾಗದ ಕಡತ ತೆರೆದು ಹೆಸರು ನೋಡಿ, ‘ಮುಸ್ಲಿಮರಿಂದ ಒಬ್ಬರು, ಕ್ರೈಸ್ತರಿಂದ ಒಬ್ಬರು’ ಎಂದು ಆರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಮತ್ತು ಅದೇ ಕೆಟ್ಟ ದಾರಿ. ಹಾಗೆ ಆರಿಸಿದ ಕೂಡಲೇ ಆ ಮನುಷ್ಯ ತನ್ನ ಇಡೀ ಸಮುದಾಯದ ಪರವಾಗಿ ಉತ್ತರ ಕೊಡಬೇಕಾಗುತ್ತದೆ. ಅವರಿಗೆ ಆ ಅಧಿಕಾರವನ್ನು ಯಾರೂ ಕೊಟ್ಟಿರುವುದಿಲ್ಲ, ಎಷ್ಟೋ ಸಲ ಆ ಆಸಕ್ತಿಯೂ ಇರುವುದಿಲ್ಲ. ಬದಲಾಗಿ ಕೆಲಸದ ಜಾಗಗಳಿಂದ ಆರಿಸಿ: ಯಂತ್ರ ವಿಭಾಗದಿಂದ ಒಬ್ಬರು, ಕ್ಯಾಂಟೀನಿನಿಂದ ಒಬ್ಬರು, ಭದ್ರತಾ ಸಿಬ್ಬಂದಿಯಿಂದ ಒಬ್ಬರು, ಗುತ್ತಿಗೆ ಕಾರ್ಮಿಕರಿಂದ ಒಬ್ಬರು, ಕಚೇರಿಯಿಂದ ಒಬ್ಬರು. ನಮ್ಮ ಭಾಗದ ಕಾರ್ಖಾನೆಗಳಲ್ಲಿ ಹೀಗೆ ಆರಿಸಿದರೆ ಧರ್ಮ, ಭಾಷೆ ಎರಡರ ವೈವಿಧ್ಯವೂ ತಾನಾಗಿಯೇ ಬಂದುಬಿಡುತ್ತದೆ.

ಈ ಗುಂಪಿನ ಹೊರಗಿರುವವರಿಗೂ ಒಂದು ಪ್ರಶ್ನೆ ತಲುಪಬೇಕು. ‘ನಿಮ್ಮ ಧರ್ಮ ಯಾವುದು’ ಎಂಬುದು ಆ ಪ್ರಶ್ನೆಯಲ್ಲ. ‘ವಾರ್ಷಿಕೋತ್ಸವದ ಆರಂಭದಲ್ಲಿ ಎಲ್ಲರೂ ಸೇರಿ ಮಾಡುವ ಭಾಗದಲ್ಲಿ ನಿಮಗೆ ಹೇಳಲು ಅಥವಾ ಮಾಡಲು ಕಷ್ಟವೆನಿಸುವ ಮಾತು, ಕ್ರಿಯೆ ಏನಾದರೂ ಇದೆಯೇ? ಹೆಸರು ಬರೆಯಬೇಕಾಗಿಲ್ಲ’ ಎಂದು ಒಂದು ಚೀಟಿ ಮಾಡಿ, ಊಟದ ಹಾಲಿನ ಬಾಗಿಲಲ್ಲಿ ಸಲಹಾ ಪೆಟ್ಟಿಗೆಯೊಡನೆ ಒಂದು ವಾರ ಇಡಿ. ಬರುವ ಉತ್ತರಗಳು ಕಡಿಮೆಯೇ ಇರುತ್ತವೆ, ಆದರೆ ನಿರ್ದಿಷ್ಟವಾಗಿರುತ್ತವೆ. ವಿಗ್ರಹದ ಮುಂದೆ ತಲೆಬಾಗಲಾರೆ, ಆರತಿ ತಟ್ಟೆ ಮುಟ್ಟಲಾರೆ, ಪ್ರಸಾದ ತೆಗೆದುಕೊಳ್ಳದಿದ್ದರೆ ಅಹಂಕಾರ ಎಂದುಕೊಳ್ಳಬೇಡಿ, ಕನ್ನಡ ಓದಲು ಬರುವುದಿಲ್ಲ, ಬಹಳ ಹೊತ್ತು ನಿಲ್ಲಲಾರೆ ಎಂಬಂಥವು. ಕೊನೆಯ ಎರಡಕ್ಕೂ ಧರ್ಮಕ್ಕೂ ಸಂಬಂಧವಿಲ್ಲ, ಆದರೂ ಜನರನ್ನು ಹೊರಗಿಡುವುದರಲ್ಲಿ ಅವು ಉಳಿದವುಗಳಿಗಿಂತ ಹಿಂದೆ ಬೀಳುವುದಿಲ್ಲ.

ಎರಡನೆಯ ಹೆಜ್ಜೆ: ರೂಪವನ್ನು ನಿರ್ಧರಿಸುವುದು

ಸಮಿತಿ ಕೂತ ಕೂಡಲೇ ಮೂರು ಸಲಹೆಗಳು ಬರುತ್ತವೆ. ಮೂರಕ್ಕೂ ಉತ್ತರ ಸಿದ್ಧವಿರಬೇಕು.

ಮೊದಲನೆಯದು ಸರ್ವಧರ್ಮ ಪ್ರಾರ್ಥನೆ, ಅಂದರೆ ಗೀತೆಯಿಂದ ಒಂದು ಶ್ಲೋಕ, ಕುರ್‌ಆನಿನಿಂದ ಒಂದು ಭಾಗ, ಬೈಬಲ್ಲಿನಿಂದ ಒಂದು ವಚನವನ್ನು ಒಬ್ಬರ ನಂತರ ಒಬ್ಬರು ಓದುವುದು. ಗಾಂಧೀಜಿಯವರ ಪ್ರಾರ್ಥನಾ ಸಭೆಗಳಿಂದ ಪರಿಚಿತವಾದ ಈ ಕ್ರಮ ಗೌರವಕ್ಕೆ ಅರ್ಹವಾದದ್ದೇ. ಆದರೆ ಅಲ್ಲಿ ಸೇರುತ್ತಿದ್ದವರು ಪ್ರಾರ್ಥನೆಗೆಂದೇ ಬರುತ್ತಿದ್ದರು. ಇಲ್ಲಿ ಸೇರುವವರು ಬಹುಮಾನ ವಿತರಣೆಗೆ, ಮಕ್ಕಳ ನೃತ್ಯಕ್ಕೆ, ರಾತ್ರಿಯ ಊಟಕ್ಕೆ ಬಂದಿರುತ್ತಾರೆ. ಮೂರು ಗ್ರಂಥಗಳನ್ನು ಓದಿದರೆ ಜೈನರು, ಬೌದ್ಧರು, ಸಿಖ್ಖರು ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಆರನ್ನು ಓದಿದರೆ ಹನ್ನೆರಡು ಹದಿನೈದು ನಿಮಿಷ ಹಿಡಿಯುತ್ತದೆ, ಅಷ್ಟು ಮಾಡಿದರೂ ದೇವರನ್ನು ನಂಬದವರಿಗೆ ಒಂದು ಸಾಲೂ ಸಿಕ್ಕಿರುವುದಿಲ್ಲ. ಕುರ್‌ಆನ್ ಪಠಣಕ್ಕೆ ವುಜೂ, ಅಂದರೆ ಕೈಕಾಲು ಮುಖ ತೊಳೆದುಕೊಳ್ಳುವ ಶುದ್ಧಿ, ಮಾಡಿಕೊಂಡು, ಉಚ್ಚಾರ ತಪ್ಪದಂತೆ ಓದಬಲ್ಲವರೇ ಬೇಕೆಂದು ಬಲ್ಲವರು ಹೇಳಿದಾಗ, ‘ಯಾರಾದರೂ ಒಬ್ಬರು ಓದಿ’ ಎಂದು ಒತ್ತಾಯಿಸಿದ ಸಮಿತಿಗೆ ಮುಜುಗರವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕ್ರಮದಲ್ಲಿ ಒಂದು ಹೊತ್ತಿಗೆ ಒಂದು ಗುಂಪು ಪ್ರಾರ್ಥಿಸುತ್ತದೆ, ಉಳಿದವರು ತಮ್ಮ ಸರದಿ ಕಾಯುತ್ತಾರೆ. ಹಾಡುವವರೊಬ್ಬರು, ನಿಲ್ಲುವವರು ನೂರು ಎಂಬ ಹಳೆಯ ಕಥೆಯೇ ಬೇರೆ ರೂಪದಲ್ಲಿ ಮರಳುತ್ತದೆ.

ಎರಡನೆಯದು ವಚನ. ‘ಇವನಾರವ’ ಎಂದು ಆರಂಭವಾಗುವ ಬಸವಣ್ಣನವರ ವಚನವನ್ನು ಸೂಚಿಸದ ಸಮಿತಿ ನಮ್ಮ ಸೀಮೆಯಲ್ಲಿ ಇರಲಾರದು. ಅದರ ಆಶಯ ಈ ಸಂದರ್ಭಕ್ಕೆ ಹೇಳಿ ಮಾಡಿಸಿದಂತಿದೆ. ತೊಡಕಿರುವುದು ಅಂಕಿತದಲ್ಲಿ. ವಚನ ಕೂಡಲಸಂಗಮದೇವನನ್ನು ಕರೆದು ಮುಗಿಯುತ್ತದೆ, ಹೀಗಾಗಿ ಎಲ್ಲರ ಬಾಯಲ್ಲೂ ಅದನ್ನು ಹೇಳಿಸಿದರೆ ಬೇರೆ ನಂಬಿಕೆಯವರು ಕೊನೆಯ ಸಾಲಿನಲ್ಲಿ ನಿಲ್ಲುತ್ತಾರೆ. ಅಂಕಿತವನ್ನು ಕತ್ತರಿಸಿ ಉಳಿದದ್ದನ್ನು ಹೇಳಿಸೋಣ ಎಂಬ ಜಾಣತನವನ್ನು ದಯವಿಟ್ಟು ಮಾಡಬೇಡಿ, ವಚನವನ್ನು ಓದಿಕೊಂಡವರಿಗೆ ಅದು ಅಂಗಚ್ಛೇದದಂತೆ ಕಾಣುತ್ತದೆ. ವಚನ ಬೇಕೆಂದರೆ ಅದನ್ನು ಸಾಂಸ್ಕೃತಿಕ ಭಾಗದಲ್ಲಿ ಪೂರ್ತಿಯಾಗಿ, ರಾಗವಾಗಿ ಹಾಡಿಸಿ.

ಮೂರನೆಯದು, ‘ನಾಡಗೀತೆ ಇದೆಯಲ್ಲ, ಅದೇ ಸಾಕು’ ಎಂಬ ವಾದ. 2004ರಲ್ಲಿ ನಾಡಗೀತೆಯಾಗಿ ಘೋಷಣೆಯಾದ ಕುವೆಂಪು ಅವರ ಆ ಕವಿತೆ ಹಿಂದೂ, ಕ್ರೈಸ್ತ, ಮುಸಲ್ಮಾನ, ಪಾರಸಿಕ, ಜೈನರನ್ನು ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ, ಮತ್ತು 2022ರಲ್ಲಿ ಸರ್ಕಾರ ಗೊತ್ತುಪಡಿಸಿದ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಮುಗಿಯುತ್ತದೆ. ಅದನ್ನು ಖಂಡಿತ ಇಟ್ಟುಕೊಳ್ಳಿ. ಆದರೆ ಅದು ನಾಡಿಗೆ ಸಲ್ಲಿಸುವ ಗೌರವ. ಈ ಕಾರ್ಖಾನೆಯ ಈ ವರ್ಷದ ಬಗ್ಗೆ, ಇಲ್ಲಿ ಕೆಲಸ ಮಾಡುವವರ ಬಗ್ಗೆ ಅದು ಏನನ್ನೂ ಹೇಳಲಾರದು. ಆರಂಭದ ಪ್ರಾರ್ಥನೆಯ ಕೆಲಸ ಅದೇ ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿಯೇ ಇಡುವುದು ಒಳ್ಳೆಯದು.

ಹಾಗಾದರೆ ಉಳಿಯುವ ರೂಪ ಯಾವುದು? ಇಬ್ಬರು ಸಾಲುಗಳನ್ನು ಓದುವುದು, ಸಭೆ ಒಂದೆರಡು ಪದಗಳಲ್ಲಿ ದನಿಗೂಡಿಸುವುದು, ನಡುವೆ ಸ್ವಲ್ಪ ಹೊತ್ತು ಮೌನ. ಇದು ಹಾಡಾಗಿರುವುದು ಬೇಡ, ಮಾತಾಗಿರಲಿ. ಹಾಡಿಗೆ ಶ್ರುತಿ, ತಾಳ, ಅಭ್ಯಾಸ ಬೇಕು. ಪ್ರಾರ್ಥನೆಯಲ್ಲಿ ವಾದ್ಯ ಬೇಡವೆನ್ನುವವರೂ ಸಿಬ್ಬಂದಿಯಲ್ಲಿ ಇರುತ್ತಾರೆ. ಕನ್ನಡ ಓದಲು ಬಾರದ ಒಡಿಶಾದ ಹುಡುಗನೂ ಎರಡು ಪದಗಳನ್ನು ಎರಡು ಸಲ ಕೇಳಿದ ಮೇಲೆ ಹೇಳಬಲ್ಲ.

ಮೂರನೆಯ ಹೆಜ್ಜೆ: ಸಾಲುಗಳನ್ನು ಬರೆಯುವುದು

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಉಳಿದ ವ್ಯವಸ್ಥೆಯೆಲ್ಲ ಚೆನ್ನಾಗಿದ್ದು ಪಠ್ಯ ಸೋತರೆ ಪ್ರಯೋಜನವಿಲ್ಲ.

ಯಾರನ್ನೂ ಸಂಬೋಧಿಸದೆ ಬರೆಯಿರಿ. ‘ಓ ದೇವರೇ’ ಎಂದರೆ ನಾಸ್ತಿಕರು ಮಾತ್ರ ಹೊರಗುಳಿಯುತ್ತಾರೆ ಎಂದುಕೊಳ್ಳುವುದು ತಪ್ಪು. ಸೃಷ್ಟಿಕರ್ತನಾದ ದೇವರೆಂಬ ಕಲ್ಪನೆ ಜೈನ, ಬೌದ್ಧ ದರ್ಶನಗಳಲ್ಲಿ ಇಲ್ಲ. ‘ಪ್ರಭುವೇ’ ಎಂದರೆ ಇಗರ್ಜಿ ನೆನಪಾಗುತ್ತದೆ, ‘ಭಗವಂತ’ ಎಂದರೆ ದೇವಸ್ಥಾನ. ಅದೃಷ್ಟಕ್ಕೆ ಕನ್ನಡದ ಹಾರೈಕೆಯ ಕ್ರಿಯಾರೂಪ ಈ ತೊಡಕನ್ನು ಸುಲಭವಾಗಿ ದಾಟಿಸುತ್ತದೆ. ‘ಮಳೆ ಕೊಡು’ ಎಂದರೆ ಕೊಡುವವನೊಬ್ಬ ಬೇಕು, ‘ಮಳೆ ಬರಲಿ’ ಎಂದರೆ ಬೇಕಾಗಿಲ್ಲ. ನಂಬುವವರು ತಮ್ಮ ದೇವರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಹೇಳುತ್ತಾರೆ, ನಂಬದವರು ಹಾರೈಕೆಯಾಗಿ ಹೇಳುತ್ತಾರೆ, ಇಬ್ಬರ ಬಾಯಲ್ಲೂ ಮಾತು ನಿಜವಾಗಿರುತ್ತದೆ.

ಕೃತಜ್ಞತೆಯನ್ನು ಕಣ್ಣಿಗೆ ಕಾಣುವ ಮನುಷ್ಯರ ಕಡೆಗೆ ತಿರುಗಿಸಿ. ‘ವಿಶ್ವಶಾಂತಿ’, ‘ಸಕಲ ಜೀವರಾಶಿಗಳ ಕಲ್ಯಾಣ’ ಎಂಬ ಮಾತುಗಳನ್ನು ಯಾರೂ ವಿರೋಧಿಸುವುದಿಲ್ಲ, ಆದರೆ ಯಾರೂ ಕೇಳಿಸಿಕೊಳ್ಳುವುದೂ ಇಲ್ಲ. ರಾತ್ರಿ ಪಾಳಿ ಎಂದಾಗ ಮಾತ್ರ ರಾತ್ರಿ ಪಾಳಿಯವರು ತಲೆ ಎತ್ತುತ್ತಾರೆ.

ಸಂಸ್ಕೃತ, ಅರಬ್ಬಿ, ಲ್ಯಾಟಿನ್ ಪದಗಳನ್ನು ಸೇರಿಸಿ ಸಮತೋಲ ಮಾಡಲು ಹೋಗಬೇಡಿ. ಕೊನೆಯಲ್ಲಿ ‘ಓಂ ಶಾಂತಿ, ಆಮೆನ್, ಆಮೀನ್’ ಎಂದು ಮೂರನ್ನೂ ಹೇಳಿಸುವುದು ಸಮಿತಿಯ ಕೋಣೆಯಲ್ಲಿ ಉದಾರವಾಗಿ ಕಂಡರೂ ಸಭೆಯಲ್ಲಿ ಪ್ರತಿಯೊಬ್ಬರೂ ಒಂದನ್ನು ಹೇಳಿ ಎರಡನ್ನು ನುಂಗುತ್ತಾರೆ. ‘ಹಾಗೆಯೇ ಆಗಲಿ’ ಎಂಬ ಕನ್ನಡದ ಮಾತು ಮೂರರ ಕೆಲಸವನ್ನೂ ಮಾಡುತ್ತದೆ.

ಈಗ ಒಂದು ನಿದರ್ಶನ. ನರಸಾಪುರದ ಕಡೆ ವಾಹನ ಬಿಡಿಭಾಗ ತಯಾರಿಸುವ, ನಾಲ್ಕು ನೂರು ಜನರ ಒಂದು ಕಾರ್ಖಾನೆಗೆ ಬರೆಯುತ್ತಿದ್ದೇವೆ ಎಂದಿಟ್ಟುಕೊಳ್ಳೋಣ. ಮೊದಲ ಭಾಗದಲ್ಲಿ ಪ್ರತಿ ಸಾಲಿನ ನಂತರ ಸಭೆ ‘ನೆನೆಯುತ್ತೇವೆ’ ಎನ್ನುತ್ತದೆ:

ನಮ್ಮ ತಟ್ಟೆಗೆ ಬಂದ ರಾಗಿ, ಅಕ್ಕಿ, ತರಕಾರಿ ಬೆಳೆದ ಕೈಗಳನ್ನು (ನೆನೆಯುತ್ತೇವೆ)
ಕೆರೆ ಬತ್ತಿದ ವರ್ಷಗಳಲ್ಲೂ ಕೊಡ ಹೊತ್ತು ನಮ್ಮನ್ನು ಸಾಕಿದ ಹಿರಿಯರನ್ನು (ನೆನೆಯುತ್ತೇವೆ)
ನಾವು ಮಲಗಿದ್ದಾಗ ರಾತ್ರಿ ಪಾಳಿಯಲ್ಲಿ ಯಂತ್ರದ ಮುಂದೆ ನಿಂತವರನ್ನು (ನೆನೆಯುತ್ತೇವೆ)
ಅಡುಗೆ ಮನೆಯಲ್ಲಿ, ಗೇಟಿನಲ್ಲಿ, ಬಸ್ಸಿನ ಸ್ಟಿಯರಿಂಗ್ ಹಿಂದೆ ನಮಗಾಗಿ ಎಚ್ಚರವಿದ್ದವರನ್ನು (ನೆನೆಯುತ್ತೇವೆ)
ಈ ವರ್ಷ ನಮ್ಮನ್ನು ಅಗಲಿದವರನ್ನು (ನೆನೆಯುತ್ತೇವೆ)

ಇಲ್ಲಿ ಮೌನ. ಆಮೇಲೆ ಎರಡನೆಯ ಭಾಗ, ಉತ್ತರ ‘ಹಾಗೆಯೇ ಆಗಲಿ’:

ನಮ್ಮಲ್ಲಿ ಒಬ್ಬೊಬ್ಬರೂ ಕೆಲಸ ಮುಗಿಸಿ ಕ್ಷೇಮವಾಗಿ ಮನೆ ಸೇರಲಿ (ಹಾಗೆಯೇ ಆಗಲಿ)
ಒಬ್ಬರ ಕಷ್ಟ ಇನ್ನೊಬ್ಬರ ಕಣ್ಣಿಗೆ ಬೀಳಲಿ (ಹಾಗೆಯೇ ಆಗಲಿ)
ನಮ್ಮ ಕೈದಾಟಿ ಹೋಗುವ ಪ್ರತಿ ವಸ್ತುವೂ ಅದನ್ನು ನಂಬಿದವರ ಜೀವ ಕಾಯಲಿ (ಹಾಗೆಯೇ ಆಗಲಿ)
ನಮ್ಮ ಊರುಗಳ ಕೆರೆಗಳಲ್ಲಿ ನೀರು ನಿಲ್ಲಲಿ, ನಮ್ಮ ನಮ್ಮ ನಡುವೆ ಮಾತು ನಿಲ್ಲದಿರಲಿ (ಹಾಗೆಯೇ ಆಗಲಿ)

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ನೀರಿನ ಸಾಲಿಗೆ ಬರುವ ದನಿ ಉಳಿದೆಲ್ಲಕ್ಕಿಂತ ಗಟ್ಟಿಯಾಗಿರುತ್ತದೆ ಎಂಬುದನ್ನು ಬರೆಯುವವರು ನೆನಪಿನಲ್ಲಿಟ್ಟುಕೊಂಡು ಅದನ್ನು ಕೊನೆಗೇ ಇಡಬೇಕು. ಬೇರೆ ಉದ್ದಿಮೆಯವರು ಸಾಲುಗಳನ್ನು ಬದಲಿಸಿಕೊಳ್ಳಬಹುದು. ರೇಷ್ಮೆ ನೂಲು ತೆಗೆಯುವ ಕಡೆ ಬಿಸಿನೀರಿನಲ್ಲಿ ಬೆಂದ ಬೆರಳುಗಳು ಬರಬೇಕು, ಹಾಲಿನ ಘಟಕದಲ್ಲಿ ಮುಂಜಾವಿಗೆ ಮುಂಚೆ ಹಾಲು ಕರೆದವರು ಬರಬೇಕು. ಆದರೆ ಎಲ್ಲ ಸೇರಿ ಹತ್ತು ಸಾಲುಗಳನ್ನು ಮೀರಬೇಡಿ. ಸಂಸ್ಥಾಪಕರ ಹೆಸರು, ಮಾರಾಟದ ಗುರಿ, ಲಾಭದ ಹಾರೈಕೆಗಳನ್ನು ಇಲ್ಲಿ ಸೇರಿಸಬಾರದು. ಆಡಳಿತದವರು ಒಂದು ಸಾಲನ್ನಾದರೂ ಸೇರಿಸಿ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ವ್ಯವಸ್ಥಾಪಕ ನಿರ್ದೇಶಕರ ಭಾಷಣವಿದೆ.

ಬರೆದಾದ ಮೇಲೆ ಪ್ರತಿ ಸಾಲನ್ನೂ ಗುಂಪಿನವರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಬೇಕು. ಕಣ್ಣಲ್ಲಿ ಓದಿ ‘ಚೆನ್ನಾಗಿದೆ’ ಎಂದ ಸಾಲಿನಲ್ಲೇ ಬಾಯಿ ತಡವರಿಸುವುದುಂಟು. ಯಾರಾದರೂ ಒಂದು ಸಾಲನ್ನು ದಾಟಿ ಹೋದರೆ ಕಾರಣ ಕೇಳಬೇಡಿ, ಸಾಲನ್ನು ಬದಲಿಸಿ. ಕಾರಣ ಕೇಳುತ್ತಾ ಹೋದರೆ ನಂಬಿಕೆಯ ವಿಚಾರಣೆಯಾಗುತ್ತದೆ, ಅದಕ್ಕೆ ಸಮಿತಿಗೆ ಹಕ್ಕಿಲ್ಲ.

ನಾಲ್ಕನೆಯ ಹೆಜ್ಜೆ: ಮೌನವನ್ನು ನಿಭಾಯಿಸುವುದು

ನಮ್ಮಲ್ಲಿ ಸಭೆಯೊಂದರಲ್ಲಿ ‘ಒಂದು ನಿಮಿಷ ಮೌನ’ ಎಂದ ಕೂಡಲೇ ಯಾರೋ ತೀರಿಕೊಂಡಿದ್ದಾರೆ ಎಂದೇ ಜನ ತಿಳಿಯುತ್ತಾರೆ. ಹಿಂದಿನ ಸಾಲಿನಿಂದ ‘ಯಾರಂತೆ?’ ಎಂಬ ಪಿಸುಮಾತು ಎದ್ದು ಮೌನವೇ ಹಾಳಾಗುತ್ತದೆ. ಆದ್ದರಿಂದ ಅವಧಿಯನ್ನು ಮೂವತ್ತು ಸೆಕೆಂಡಿಗೆ ಇಳಿಸಿ, ಅದು ಏಕೆ ಎಂಬುದನ್ನು ಮೊದಲೇ ಹೇಳಿಬಿಡಿ. ನಿರೂಪಕರಿಗೆ ಹೀಗೆ ಬರೆದುಕೊಡಬಹುದು: ‘ಈಗ ಅರ್ಧ ನಿಮಿಷ ನಾವು ಸುಮ್ಮನಿರೋಣ. ನಿಮ್ಮ ದೇವರನ್ನು ನಿಮ್ಮ ಭಾಷೆಯಲ್ಲಿ ನೆನೆಯಬಹುದು, ನಿಮ್ಮವರನ್ನು ನೆನೆಯಬಹುದು, ಸುಮ್ಮನೆ ಉಸಿರಾಡುತ್ತಲೂ ಇರಬಹುದು.’

ಈ ಮೂವತ್ತು ಸೆಕೆಂಡುಗಳು ಇನ್ನೊಂದು ಆಕ್ಷೇಪಕ್ಕೂ ಉತ್ತರ. ‘ದೇವರ ಹೆಸರೇ ಇಲ್ಲದ ಇದೆಂಥ ಪ್ರಾರ್ಥನೆ?’ ಎಂದು ಶ್ರದ್ಧಾವಂತರು ಕೇಳುತ್ತಾರೆ, ಅವರ ಬೇಸರ ಸಹಜವಾದದ್ದು. ಅವರ ದೇವರ ಹೆಸರಿಗೆ ಜಾಗ ಇಲ್ಲಿದೆ ಎಂದು ತೋರಿಸಬಹುದು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳ ಪ್ರಮಾಣವಚನಕ್ಕೆ ಕೊಟ್ಟಿರುವ ನಮೂನೆಯೂ ಇದೇ ಬಗೆಯದು: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರಿಲ್ಲದೆ ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು, ಎರಡರ ತೂಕವೂ ಒಂದೇ.

ಓದುವವರು ಗಡಿಯಾರ ನೋಡಬೇಕು. ವೇದಿಕೆಯ ಮೇಲೆ ನಿಂತವರಿಗೆ ಹತ್ತು ಸೆಕೆಂಡೇ ಅರ್ಧ ನಿಮಿಷದಂತೆ ಅನಿಸಿ, ಗಾಬರಿಯಿಂದ ಮುಂದಿನ ಸಾಲಿಗೆ ಹಾರುತ್ತಾರೆ.

ಐದನೆಯ ಹೆಜ್ಜೆ: ದೀಪವೋ ಸಸಿಯೋ

ದೀಪ ಬೆಳಗುವುದು ನಮ್ಮ ಸಭೆಗಳಲ್ಲಿ ಎಷ್ಟು ಒಗ್ಗಿಹೋಗಿದೆಯೆಂದರೆ ಅದನ್ನು ಪೂಜೆಯೆಂದು ಅನೇಕರು ಭಾವಿಸುವುದೇ ಇಲ್ಲ; ಬೇರೆ ಧರ್ಮಗಳ ಅತಿಥಿಗಳೂ ಸಂತೋಷದಿಂದ ಬೆಳಗುತ್ತಾರೆ. ಆದರೆ ದೀಪದ ಪಕ್ಕದಲ್ಲಿ ಹೂವು ಮುಡಿಸಿದ ವಿಗ್ರಹ, ಊದುಬತ್ತಿ, ತೆಂಗಿನಕಾಯಿ ಬಂದ ಕೂಡಲೇ ಚಿತ್ರ ಬದಲಾಗುತ್ತದೆ. ಮುಖ್ಯ ಅತಿಥಿ ಬೂಟು ಬಿಚ್ಚಿ ಕೈಮುಗಿಯುತ್ತಾರೆ, ಪಕ್ಕದವರು ಬೂಟಿನಲ್ಲೇ ನಿಂತು ಏನು ಮಾಡಬೇಕೆಂದು ತೋಚದೆ ಅತ್ತಿತ್ತ ನೋಡುತ್ತಾರೆ, ಛಾಯಾಗ್ರಾಹಕ ಅದನ್ನೇ ಸೆರೆಹಿಡಿಯುತ್ತಾನೆ. ದೀಪವೇ ಬೇಕೆಂದರೆ ಅದೊಂದೇ ಇರಲಿ, ವಿಗ್ರಹ, ಪಟಗಳು ಬೇಡ, ಬೂಟು ಬಿಚ್ಚುವ ಪ್ರಶ್ನೆಯನ್ನು ಮೊದಲೇ ತೀರ್ಮಾನಿಸಿ ಎಲ್ಲರಿಗೂ ತಿಳಿಸಿ.

ನನ್ನ ಒಲವು ಸಸಿಗೆ ನೀರೆರೆಯುವುದರ ಕಡೆಗೆ. ಕರ್ನಾಟಕದ ಸಭೆಗಳಲ್ಲಿ ಈಗ ಅದು ಹೊಸದೇನೂ ಅಲ್ಲ, ಬಯಲಿನ ಶಾಮಿಯಾನದಲ್ಲಿ ಗಾಳಿಗೆ ದೀಪ ಆರಿ ‘ಅಪಶಕುನ’ ಎಂಬ ಗೊಣಗಾಟ ಏಳುವ ಭಯವೂ ಇಲ್ಲ. ಒಂದು ಅಡಿ ಅಗಲದ ಕುಂಡದಲ್ಲಿ ಹೊಂಗೆಯ ಸಸಿ ಸಾಕು, ಮಳೆಗಾಲ ಶುರುವಾದಾಗ ಅದನ್ನು ಕಾಂಪೌಂಡಿನ ಬದಿಗೆ ನೆಡಬಹುದು. ಒಂದು ಎಚ್ಚರಿಕೆ: ಐವರು ಅತಿಥಿಗಳು ಒಬ್ಬೊಬ್ಬರೂ ಚೊಂಬು ತುಂಬ ನೀರು ಸುರಿದರೆ ಕುಂಡದ ತಳದ ತೂತಿನಿಂದ ಕೆಸರು ನೀರು ಇಳಿದು ವೇದಿಕೆಯ ಮೇಲೆ ಹರಿಯುತ್ತದೆ, ಅಲ್ಲೇ ಮೈಕಿನ ವೈರುಗಳಿರುತ್ತವೆ. ಸಣ್ಣ ಲೋಟಗಳಲ್ಲಿ ಒಬ್ಬೊಬ್ಬರಿಗೆ ನೂರು ಮಿಲಿಲೀಟರ್ ನೀರು ಕೊಡಿ, ಕುಂಡದ ಕೆಳಗೆ ಅಗಲವಾದ ತಟ್ಟೆಯಿಡಿ. ನೀರೆರೆಯುವ ಐವರಲ್ಲಿ ಇಬ್ಬರಾದರೂ ಕಾರ್ಮಿಕರಾಗಿರಲಿ.

ಆಡಳಿತದವರು ಗಣಪತಿ ಪೂಜೆ ಆಗಲೇಬೇಕು ಎನ್ನುವ ಸಂಸ್ಥೆಗಳಿವೆ. ಅಂಥ ಕಡೆ ಜಗಳ ಬೇಡ. ಬೆಳಿಗ್ಗೆ ಪೆಂಡಾಲು ಎದ್ದ ಮೇಲೆ, ಸಭಿಕರು ಬರುವ ಮೊದಲು, ಇಷ್ಟವಿದ್ದವರು ಸೇರಿ ಪೂಜೆ ಮಾಡಿ ಮುಗಿಸಬಹುದು, ಪ್ರಸಾದ ಹಂಚಬಹುದು. ಸಂಜೆಯ ಹೊತ್ತಿಗೆ ಪಟವನ್ನು ಗೌರವದಿಂದ ಒಳಗೆ ಒಯ್ದಿರಬೇಕು, ಅಷ್ಟೇ.

ಆರನೆಯ ಹೆಜ್ಜೆ: ದಿನ, ಹೊತ್ತು, ಬಾಗಿಲು

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕೋಲಾರದ ಕಡೆ ಸೂರ್ಯ ಮುಳುಗುವುದು ಸಂಜೆ ಸುಮಾರು 6.20ರಿಂದ 6.30ರೊಳಗೆ. ಅದರ ಹಿಂದೆಯೇ ಮಗ್ರಿಬ್ ನಮಾಜಿನ ಹೊತ್ತು. ಎಲ್ಲರನ್ನೂ ಸೇರಿಸಿಕೊಳ್ಳುವ ಪ್ರಾರ್ಥನೆಯನ್ನು ಬರೆದು, ಅದನ್ನು ಆರೂವರೆಗೇ ಇಟ್ಟರೆ ಸಿಬ್ಬಂದಿಯಲ್ಲಿ ಕೆಲವರು ಆ ಹೊತ್ತಿಗೆ ಮಸೀದಿಯಲ್ಲಿರುತ್ತಾರೆ. 5.45ಕ್ಕೆ ಆರಂಭಿಸಿ, ಇಲ್ಲವೇ ಏಳಕ್ಕೆ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ; 2025ರಲ್ಲಿ ಮಾರ್ಚ್ ಮೊದಲ ವಾರದಲ್ಲಿ, 2026ರಲ್ಲಿ ಫೆಬ್ರವರಿಯಲ್ಲಿ ಶುರುವಾಯಿತು. ಹಿಂದಿನ ವರ್ಷದ ದಿನಾಂಕವನ್ನೇ ನಕಲು ಮಾಡುವ ಮೊದಲು ಕ್ಯಾಲೆಂಡರ್ ನೋಡಿ. ಉಪವಾಸದ ದಿನಗಳೇ ಆದರೆ ಸಂಜೆಯ ಟೀ, ಬೋಂಡಾ ಹಂಚುವುದನ್ನು ಪ್ರಾರ್ಥನೆಗೆ ಅಂಟಿಸಬೇಡಿ.

ಎಷ್ಟೇ ಎಚ್ಚರಿಕೆಯಿಂದ ಬರೆದರೂ ದನಿಗೂಡಿಸದವರು ಇದ್ದೇ ಇರುತ್ತಾರೆ. ಬೇರೆ ಧರ್ಮದವರೊಡನೆ ಸೇರಿ ಪ್ರಾರ್ಥಿಸುವುದೇ ತಮಗೆ ಸಲ್ಲದು ಎನ್ನುವವರಿದ್ದಾರೆ. ಅವರಿಗೆ ದಾರಿ ತೆರೆದಿರಬೇಕು. 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ನಿಂತು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡದೆ ಇದ್ದ ಕೇರಳದ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಿರುವಾಗ ಕಂಪನಿಯ ಪ್ರಾರ್ಥನೆಯಲ್ಲಿ ಬಾಯಿ ತೆರೆಯದವರನ್ನು ಮೇಲ್ವಿಚಾರಕರು ಗುರುತಿಟ್ಟುಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಇರಲಾರದು. ಪ್ರಾಯೋಗಿಕವಾಗಿ ಮಾಡಬೇಕಾದದ್ದು ಎರಡು. ಪ್ರಾರ್ಥನೆಯ ಹೊತ್ತನ್ನು ಆಮಂತ್ರಣದಲ್ಲೇ ಅಚ್ಚು ಹಾಕಿಸಿ, ಬೇಡದವರು ಹತ್ತು ನಿಮಿಷ ತಡವಾಗಿ ಬರಬಹುದು. ಹಾಜರಾತಿಯ ಬೆರಳಚ್ಚು ಯಂತ್ರವನ್ನಾಗಲಿ ಉಡುಗೊರೆಯ ಕೂಪನ್ನನ್ನಾಗಲಿ ಪ್ರಾರ್ಥನೆಗೆ ಮೊದಲೇ ಮುಗಿಯುವಂತೆ ಇಡಬೇಡಿ. ಹಾಗಿಟ್ಟರೆ ‘ಇಷ್ಟವಿದ್ದವರು ಬನ್ನಿ’ ಎಂಬ ಮಾತಿಗೆ ಅರ್ಥವಿರುವುದಿಲ್ಲ.

ಏಳನೆಯ ಹೆಜ್ಜೆ: ಅಭ್ಯಾಸ ಮತ್ತು ನಡೆಸುವಿಕೆ

ಓದಲು ಇಬ್ಬರನ್ನು ಆರಿಸಿ, ಒಬ್ಬರು ಹೆಣ್ಣು, ಒಬ್ಬರು ಗಂಡು ಆದರೆ ದನಿಯ ಬದಲಾವಣೆ ಕಿವಿಗೆ ಸ್ಪಷ್ಟವಾಗುತ್ತದೆ. ಸ್ಪಷ್ಟ ಉಚ್ಚಾರವೊಂದೇ ಮಾನದಂಡವಾಗಿರಲಿ. ಪ್ರತಿ ಸಾಲಿನ ಕೊನೆಯಲ್ಲಿ ದನಿಯನ್ನು ತುಸು ಎತ್ತಿ ನಿಲ್ಲಿಸಬೇಕು, ಸಭೆ ಉತ್ತರಿಸಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಎರಡು ಎಣಿಸಿ ಮುಂದಿನದಕ್ಕೆ ಹೋಗಬೇಕು. ತಗಡಿನ ಚಾವಣಿಯ ಶೆಡ್ಡಿನಲ್ಲಿ ಸದ್ದು ಮರುಕಳಿಸುವುದರಿಂದ ಅಲ್ಲಿ ಮೂರು ಎಣಿಸಿ. ಮೇಲಿನ ಪಠ್ಯ ಈ ಗತಿಯಲ್ಲಿ, ಮೌನವೂ ಸೇರಿ, ಸುಮಾರು ಮೂರು ನಿಮಿಷ ಹಿಡಿಯುತ್ತದೆ.

ಪರದೆಯ ಮೇಲೆ ಸಭೆ ಹೇಳಬೇಕಾದ ಎರಡು ಉತ್ತರಗಳನ್ನು ಮಾತ್ರ ತೋರಿಸಿ, ಕನ್ನಡದ ಜೊತೆಗೆ ಸಿಬ್ಬಂದಿಗೆ ಓದಲು ಬರುವ ಇತರ ಲಿಪಿಗಳಲ್ಲೂ ಬರೆಯಿಸಿ. ಇಡೀ ಪಠ್ಯ ತೋರಿಸಿದರೆ ಜನ ಓದಿಕೊಂಡು ಮುಂದೆ ಹೋಗಿಬಿಡುತ್ತಾರೆ, ಕೇಳುವುದಿಲ್ಲ.

ನಿರೂಪಕರ ಆರಂಭದ ಮಾತಿನಲ್ಲಿ ದೇಹದ ಭಂಗಿಯ ಬಗ್ಗೆ ಆಜ್ಞೆ ಇರಬಾರದು. ಕೈಮುಗಿಯಿರಿ, ಕಣ್ಣು ಮುಚ್ಚಿ, ತಲೆಬಾಗಿ ಎಂಬ ಮೂರೂ ಬೇಡ. ‘ನಿಲ್ಲಬಲ್ಲವರು ದಯವಿಟ್ಟು ಎದ್ದು ನಿಲ್ಲಿ, ಕೂತೇ ಇರಬೇಕಾದವರು ಕೂತಿರಿ. ಪ್ರತಿ ಸಾಲಿನ ಕೊನೆಗೆ ನೆನೆಯುತ್ತೇವೆ ಎಂದು ಹೇಳೋಣ, ಒಮ್ಮೆ ಹೇಳಿ ನೋಡೋಣವೇ?’ ಎಂದು ಒಂದು ಸಲ ಹೇಳಿಸಿ ನೋಡಿ. ಈ ಒಂದು ಪೂರ್ವಾಭ್ಯಾಸವಿಲ್ಲದಿದ್ದರೆ ಮೊದಲ ಎರಡು ಸಾಲುಗಳಿಗೆ ಮುಂದಿನ ಸಾಲಿನ ಅಧಿಕಾರಿಗಳು ಮಾತ್ರ ಉತ್ತರಿಸುತ್ತಾರೆ.

ಎರಡು ದಿನ ಮೊದಲು ಊಟದ ಹಾಲಿನಲ್ಲಿ ಒಂದು ಪಾಳಿಯವರೊಡನೆ ಇಡೀ ಪಠ್ಯವನ್ನು ಒಮ್ಮೆ ನಡೆಸಿ. ಸಮಿತಿಯ ಒಬ್ಬರು ಹಿಂಭಾಗದಲ್ಲಿ ನಿಂತು ಕಿವಿಗೊಡಬೇಕು. ಎಲ್ಲ ಉತ್ತರಗಳೂ ಮೆಲ್ಲಗೆ ಬಂದರೆ ಅದು ಸಂಕೋಚ, ಅಥವಾ ಮೈಕಿನ ದೋಷ. ಒಂದೇ ಒಂದು ಸಾಲಿನಲ್ಲಿ ದನಿ ಇಳಿದರೆ ದೋಷ ಆ ಸಾಲಿನಲ್ಲಿದೆ. ನಮ್ಮ ನಿದರ್ಶನದಲ್ಲಿ ‘ಈ ವರ್ಷ ನಮ್ಮನ್ನು ಅಗಲಿದವರನ್ನು’ ಎಂಬಲ್ಲಿ ಹಾಗಾಗಬಹುದು. ಆ ವರ್ಷ ಕಾರ್ಖಾನೆಯಲ್ಲಿ ಸಾವು ಸಂಭವಿಸಿದ್ದರೆ ಕೆಲವರ ಗಂಟಲು ಕಟ್ಟುತ್ತದೆ. ಅಂಥ ವರ್ಷ ಆ ಸಾಲಿಗೆ ಸಭೆಯಿಂದ ಉತ್ತರ ಕೇಳದೆ, ಓದಿ, ನೇರವಾಗಿ ಮೌನಕ್ಕೆ ಹೋಗುವುದು ಸರಿ. ತೀರಿಕೊಂಡವರ ಹೆಸರು ಹೇಳುವುದಾದರೆ ಮನೆಯವರನ್ನು ಮೊದಲೇ ಕೇಳಿರಬೇಕು, ಮತ್ತು ಅವರು ಸಭೆಗೆ ಬರುವುದಾದರೆ ಮುಂದಿನ ಸಾಲಿನಲ್ಲಿ ಕೂರಿಸದೆ, ಎದ್ದು ಹೊರಗೆ ಹೋಗಲು ಸುಲಭವಾದ ಬದಿಯ ಕುರ್ಚಿಗಳನ್ನು ಅವರಿಗಾಗಿ ಕಾದಿರಿಸಬೇಕು.

ಕಾರ್ಯಕ್ರಮದ ಕ್ರಮವನ್ನು ಹೀಗೆ ಇಡಬಹುದು: ಸ್ವಾಗತದ ಒಂದೆರಡು ಮಾತು, ನಾಡಗೀತೆ, ಎಲ್ಲರೂ ಕೂತು ಅತಿಥಿಗಳ ಪರಿಚಯ, ಆಮೇಲೆ ಮತ್ತೆ ಎದ್ದು ಈ ಪ್ರಾರ್ಥನೆ, ಅದರ ಕೊನೆಯ ಸಾಲು ಮುಗಿಯುತ್ತಿದ್ದಂತೆ ಸಸಿಗೆ ನೀರು. ನಾಡಗೀತೆಗೆ ಬೆನ್ನಿಗೇ ಪ್ರಾರ್ಥನೆ ಅಂಟಿಸಿದರೆ ನಿಲ್ಲುವ ಹೊತ್ತು ಆರು ನಿಮಿಷವಾಗುತ್ತದೆ, ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಂದವರಿಗೆ ಅದು ಹೆಚ್ಚು. ಕೊನೆಗೆ ರಾಷ್ಟ್ರಗೀತೆ ಎಂದಿನಂತೆ 52 ಸೆಕೆಂಡು. ನೀರೆರೆಯುವಾಗ ಹಿನ್ನೆಲೆ ಸಂಗೀತ ಬೇಕೆಂದು ಧ್ವನಿವರ್ಧಕದವರು ತಾವಾಗಿಯೇ ಮಂತ್ರಘೋಷದ ಧ್ವನಿಮುದ್ರಣ ಹಾಕಿಬಿಡುವುದು ಸಾಮಾನ್ಯ. ಏನೂ ಹಾಕಬಾರದು ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ, ಅವರ ಕೈಗೆ ಕೊಡುವ ಕಾರ್ಯಕ್ರಮ ಪಟ್ಟಿಯಲ್ಲೇ ಬರೆದುಕೊಡಿ.